ಟ್ರ್ಯಾಕಿಂಗ್ ಎರರ್ ಕಡಿಮೆ ಇದ್ದ ಮಾತ್ರಕ್ಕೆ ಇಟಿಎಫ್ ಅಗ್ಗವಲ್ಲ: ಇಂಡೆಕ್ಸ್ ಫಂಡ್ ಜೊತೆ ಹೋಲಿಸುವ ಬಗೆ

ನಿಫ್ಟಿ 50 ಸೂಚ್ಯಂಕದಲ್ಲಿ ಹಣ ಹಾಕಬೇಕು ಅಂತ ನಿರ್ಧರಿಸಿದವರ ಮುಂದೆ ಎರಡು ದಾರಿ ಇವೆ. ಮ್ಯೂಚುವಲ್ ಫಂಡ್ ಕಂಪನಿಯ ಇಂಡೆಕ್ಸ್ ಫಂಡ್ ಒಂದು. ಷೇರು ಮಾರುಕಟ್ಟೆಯಲ್ಲಿ ಷೇರಿನ ಹಾಗೇ ಕೊಳ್ಳುವ ಇಟಿಎಫ್ ಇನ್ನೊಂದು. ಎರಡರಲ್ಲೂ ಇರುವುದು ಅದೇ ಐವತ್ತು ಕಂಪನಿಗಳು, ಅದೇ ಪ್ರಮಾಣದಲ್ಲಿ. ಹಾಗಾದರೆ ಯಾವುದನ್ನು ಆರಿಸಬೇಕು? ಹೆಚ್ಚಿನವರು ಎರಡರ ಟ್ರ್ಯಾಕಿಂಗ್ ಎರರ್, ಅಂದರೆ ಫಂಡ್ ಸೂಚ್ಯಂಕವನ್ನು ಎಷ್ಟು ಬಿಗಿಯಾಗಿ ಹಿಂಬಾಲಿಸುತ್ತದೆ ಅನ್ನುವ ಅಳತೆ ನೋಡುತ್ತಾರೆ. ಇಟಿಎಫ್‌ನದು ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಆದ್ದರಿಂದ ಅದೇ ಒಳ್ಳೆಯದು ಅಂದುಕೊಳ್ಳುತ್ತಾರೆ.

ಈ ಹೋಲಿಕೆ ಅರ್ಧ ಮಾತ್ರ ಸರಿ. ಟ್ರ್ಯಾಕಿಂಗ್ ಎರರ್ ಫಂಡ್‌ನ ಒಳಗೆ ನಡೆಯುವುದನ್ನು ಅಳೆಯುತ್ತದೆ. ಇಟಿಎಫ್‌ನಲ್ಲಿ ನಿಮ್ಮ ಹಣ ಸೋರುವ ಇನ್ನೊಂದು ಜಾಗ ಫಂಡ್‌ನ ಹೊರಗಿದೆ, ನೀವು ಕೊಳ್ಳುವ ಮತ್ತು ಮಾರುವ ಕ್ಷಣದಲ್ಲಿ. ಅದು ಯಾವ ಪಟ್ಟಿಯಲ್ಲೂ ಬರುವುದಿಲ್ಲ, ನೀವೇ ಲೆಕ್ಕ ಹಾಕಬೇಕು. ಹೇಗೆ ಅಂತ ನೋಡೋಣ.

ಮೊದಲ ಹೆಜ್ಜೆ: ಎರರ್ ಬೇರೆ, ಡಿಫರೆನ್ಸ್ ಬೇರೆ

ಫಂಡ್ ಮಾಹಿತಿಯಲ್ಲಿ ಎರಡು ಅಂಕಿಗಳು ಕಾಣುತ್ತವೆ. ಒಂದು ಟ್ರ್ಯಾಕಿಂಗ್ ಡಿಫರೆನ್ಸ್, ಇನ್ನೊಂದು ಟ್ರ್ಯಾಕಿಂಗ್ ಎರರ್. ಹೆಸರು ಹತ್ತಿರ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಓದಿಬಿಡುವುದು ಸುಲಭ.

ಡಿಫರೆನ್ಸ್ ಅಂದರೆ ಸೂಚ್ಯಂಕ ಕೊಟ್ಟ ಲಾಭಕ್ಕೂ ಫಂಡ್ ಕೊಟ್ಟ ಲಾಭಕ್ಕೂ ಇರುವ ವ್ಯತ್ಯಾಸ. ಸೂಚ್ಯಂಕ ವರ್ಷಕ್ಕೆ ಶೇ 12 ಏರಿ, ಫಂಡ್ ಶೇ 11.75 ಕೊಟ್ಟರೆ ಡಿಫರೆನ್ಸ್ ಶೇ 0.25. ಇದು ನೇರವಾಗಿ ನಿಮ್ಮ ಜೇಬಿನಿಂದ ಹೋಗುವ ಹಣ.

ಎರರ್ ಅಂದರೆ ಆ ವ್ಯತ್ಯಾಸ ದಿನದಿಂದ ದಿನಕ್ಕೆ ಎಷ್ಟು ಏರುಪೇರಾಗುತ್ತದೆ ಅನ್ನುವುದು. ಪ್ರತಿದಿನದ ವ್ಯತ್ಯಾಸಗಳನ್ನು ತೆಗೆದುಕೊಂಡು, ಅವು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಅಂತ ಲೆಕ್ಕ ಹಾಕಿ, ವರ್ಷದ ಮಟ್ಟಕ್ಕೆ ತರುತ್ತಾರೆ. ದಿನಾ ಸರಿಯಾಗಿ ಹತ್ತು ನಿಮಿಷ ತಡವಾಗಿ ಬರುವ ಬಸ್ಸಿಗೆ ಟ್ರ್ಯಾಕಿಂಗ್ ಎರರ್ ಸೊನ್ನೆ! ತಡ ಆಗುವುದು ನಿಜ, ಆದರೆ ಅದರಲ್ಲಿ ಏರುಪೇರಿಲ್ಲ.

ಅಂಕಿಯಲ್ಲೇ ನೋಡಿ. ಮೊದಲ ಫಂಡ್ ಪ್ರತಿ ತಿಂಗಳೂ ಸೂಚ್ಯಂಕಕ್ಕಿಂತ ಸರಿಯಾಗಿ ಶೇ 0.05 ಹಿಂದೆ ಬೀಳುತ್ತದೆ ಅಂತಿಟ್ಟುಕೊಳ್ಳಿ. ವರ್ಷದ ಡಿಫರೆನ್ಸ್ ಸುಮಾರು ಶೇ 0.60 ಆಯಿತು, ಎರರ್ ಮಾತ್ರ ಸೊನ್ನೆ. ಎರಡನೆಯ ಫಂಡ್ ಒಂದು ತಿಂಗಳು ಶೇ 0.10 ಮುಂದೆ, ಮರುತಿಂಗಳು ಶೇ 0.10 ಹಿಂದೆ, ಹೀಗೇ ವರ್ಷವಿಡೀ ಇರುತ್ತದೆ. ಅದರ ಡಿಫರೆನ್ಸ್ ಹೆಚ್ಚುಕಡಿಮೆ ಸೊನ್ನೆ. ಎರರ್ 0.10 ಅನ್ನು 12ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು ಶೇ 0.35. ಟ್ರ್ಯಾಕಿಂಗ್ ಎರರ್ ಒಂದನ್ನೇ ನೋಡಿದವರು ಮೊದಲ ಫಂಡ್ ಆರಿಸುತ್ತಾರೆ. ವರ್ಷಕ್ಕೆ ಲಕ್ಷಕ್ಕೆ ₹600 ಕಳೆದುಕೊಳ್ಳುವವರೂ ಅವರೇ.

ಆದ್ದರಿಂದ ನೋಡುವ ಕ್ರಮ ಹೀಗಿರಲಿ: ಮೊದಲು ಡಿಫರೆನ್ಸ್, ಆಮೇಲೆ ಎರರ್. ಹಾಗಂತ ಎರರ್ ಬೇಡವೇ ಬೇಡ ಅಂತಲ್ಲ. ಅದು ದೊಡ್ಡದಿದ್ದರೆ ಈ ವರ್ಷದ ಒಳ್ಳೆಯ ಡಿಫರೆನ್ಸ್ ಬರೀ ಅದೃಷ್ಟದಿಂದ ಬಂದಿರಬಹುದು, ಮುಂದಿನ ವರ್ಷ ತಿರುಗಬಹುದು ಅಂತ ಅರ್ಥ.

ಎರಡನೆಯ ಹೆಜ್ಜೆ: ಅಂಕಿಗಳನ್ನು ಸರಿಯಾದ ಕಡೆಯಿಂದ ತನ್ನಿ

2022ರ ಮೇ ತಿಂಗಳಲ್ಲಿ ಸೆಬಿ ಒಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ಷೇರು ಆಧಾರಿತ ಇಟಿಎಫ್ ಮತ್ತು ಇಂಡೆಕ್ಸ್ ಫಂಡ್‌ಗಳ ಟ್ರ್ಯಾಕಿಂಗ್ ಎರರ್ ಕಳೆದ ಒಂದು ವರ್ಷದ ಲೆಕ್ಕದಲ್ಲಿ ಶೇ 2 ದಾಟಬಾರದು. ಎರರ್ ಅನ್ನು ದಿನಾ, ಡಿಫರೆನ್ಸ್ ಅನ್ನು ತಿಂಗಳಿಗೊಮ್ಮೆ ಫಂಡ್ ಕಂಪನಿ ಮತ್ತು ಫಂಡ್ ಕಂಪನಿಗಳ ಸಂಘವಾದ ಆಂಫಿ ಜಾಲತಾಣಗಳಲ್ಲಿ ಹಾಕಬೇಕು. ಶೇ 2 ಅನ್ನುವುದು ಬಹಳ ಸಡಿಲವಾದ ಮಿತಿ. ನಿಫ್ಟಿ 50ರಂಥ ದೊಡ್ಡ ಕಂಪನಿಗಳ ಸೂಚ್ಯಂಕದಲ್ಲಿ ಒಳ್ಳೆಯ ಫಂಡ್‌ನ ಎರರ್ ಇದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ "ಸೆಬಿ ಮಿತಿಯೊಳಗಿದೆ" ಅನ್ನುವ ಮಾತಿಗೆ ಸಮಾಧಾನ ಪಡಬೇಡಿ.

ಅಂಕಿ ತರುವಾಗ ಮೂರು ಕಡೆ ಹುಷಾರಾಗಿರಿ.

ಇಂಡೆಕ್ಸ್ ಫಂಡ್‌ನಲ್ಲಿ ಡೈರೆಕ್ಟ್ ಪ್ಲಾನ್‌ನ ಸಾಲನ್ನೇ ಓದಿ. ರೆಗ್ಯುಲರ್ ಪ್ಲಾನ್‌ನಲ್ಲಿ ಏಜೆಂಟರ ಕಮಿಷನ್ ಸೇರಿರುತ್ತದೆ, ಡಿಫರೆನ್ಸ್ ಅಷ್ಟೇ ಹೆಚ್ಚಾಗಿರುತ್ತದೆ. ಇಟಿಎಫ್‌ನಲ್ಲಿ ಈ ಎರಡು ಬಗೆ ಇಲ್ಲ.

ಹೋಲಿಕೆ ಟೋಟಲ್ ರಿಟರ್ನ್ ಸೂಚ್ಯಂಕದ ಜೊತೆಗೇ ಇರಲಿ. ಕಂಪನಿಗಳು ಕೊಡುವ ಡಿವಿಡೆಂಡ್ ಅನ್ನು ಮತ್ತೆ ಹೂಡಿದಂತೆ ಲೆಕ್ಕ ಹಾಕುವ ಸೂಚ್ಯಂಕ ಅದು, ಹೆಸರಿನ ಕೊನೆಯಲ್ಲಿ TRI ಅಂತ ಇರುತ್ತದೆ. ಟಿವಿಯಲ್ಲಿ ಕಾಣುವ ನಿಫ್ಟಿ ಅಂಕಿಯಲ್ಲಿ ಡಿವಿಡೆಂಡ್ ಸೇರಿಲ್ಲ. ಅದರ ಜೊತೆ ಹೋಲಿಸಿದರೆ ಫಂಡ್ ಸೂಚ್ಯಂಕವನ್ನೇ ಹಿಂದೆ ಹಾಕಿದಂತೆ ಕಾಣುತ್ತದೆ. ಫಂಡ್ ಕಂಪನಿಗಳು TRI ಜೊತೆಗೇ ಹೋಲಿಸಬೇಕು ಅನ್ನುವ ನಿಯಮ 2018ರ ಫೆಬ್ರುವರಿಯಿಂದ ಇದೆ. ನೀವೇ ಕೂತು ಲೆಕ್ಕ ಹಾಕುವಾಗ ಮಾತ್ರ ಈ ತಪ್ಪು ನುಸುಳಬಹುದು.

ಒಂದು ವರ್ಷದ ಅಂಕಿಗೆ ನಿಲ್ಲಿಸಬೇಡಿ. ಮೂರು ಮತ್ತು ಐದು ವರ್ಷದ್ದೂ ನೋಡಿ.

ವ್ಯತ್ಯಾಸ ಹುಟ್ಟುವುದೆಲ್ಲಿ?

ಇದನ್ನು ತಿಳಿದುಕೊಂಡರೆ ಮುಂದಿನ ಲೆಕ್ಕ ಸುಲಭ. ವರ್ಷದ ವೆಚ್ಚ ಮೊದಲ ಕಾರಣ. ಅದು ದಿನಾ ಸ್ವಲ್ಪ ಸ್ವಲ್ಪವಾಗಿ ಫಂಡ್‌ನ ಒಂದು ಯೂನಿಟ್‌ನ ಮೌಲ್ಯವಾದ ಎನ್‌ಎವಿಯಿಂದ ಕಡಿತವಾಗುವುದರಿಂದ ಡಿಫರೆನ್ಸ್ ಹೆಚ್ಚಿಸುತ್ತದೆ, ಎರರ್ ಹೆಚ್ಚಿಸುವುದಿಲ್ಲ.

ಎರಡನೆಯದು ಕೈಯಲ್ಲಿರುವ ನಗದು. ಇಂಡೆಕ್ಸ್ ಫಂಡ್‌ಗೆ ದಿನಾ ಹಣ ಬರುತ್ತದೆ, ದಿನಾ ಹೋಗುತ್ತದೆ. ವಾಪಸ್ ಕೇಳಿದವರಿಗೆ ಕೊಡಲು ಸ್ವಲ್ಪ ನಗದು ಇಟ್ಟುಕೊಳ್ಳಬೇಕು. ಸೂಚ್ಯಂಕದಲ್ಲಿ ನಗದೇ ಇಲ್ಲ. ಮಾರುಕಟ್ಟೆ ಒಂದೇ ದಿನ ಜೋರಾಗಿ ಏರಿದರೆ ಆ ನಗದಿನಷ್ಟು ಪಾಲು ಏರದೆ ಉಳಿಯುತ್ತದೆ, ಬಿದ್ದರೆ ಬೀಳದೆ ಉಳಿಯುತ್ತದೆ. ಎರರ್ ಹುಟ್ಟುವುದು ಇಲ್ಲಿ. ಇಟಿಎಫ್‌ನಲ್ಲಿ ಈ ತಾಪತ್ರಯ ಕಡಿಮೆ. ನೀವು ಯೂನಿಟ್ ಕೊಳ್ಳುವುದು ಮಾರುಕಟ್ಟೆಯಲ್ಲಿ ಇನ್ನೊಬ್ಬರಿಂದ, ಫಂಡ್‌ಗೆ ಅದರಿಂದ ಹಣ ಬರುವುದೇ ಇಲ್ಲ. ಹೊಸ ಯೂನಿಟ್ ಬೇಕಾದಾಗ, ಮಾರುಕಟ್ಟೆಯಲ್ಲಿ ಸದಾ ಕೊಳ್ಳುವ ಮತ್ತು ಮಾರುವ ಬೆಲೆ ಕೊಡುವ ದೊಡ್ಡ ವ್ಯಾಪಾರಿಗಳಾದ ಮಾರ್ಕೆಟ್ ಮೇಕರ್‌ಗಳು ಐವತ್ತೂ ಷೇರುಗಳ ಬುಟ್ಟಿಯನ್ನೇ ಫಂಡ್‌ಗೆ ಕೊಟ್ಟು ಯೂನಿಟ್ ಪಡೆಯಬಹುದು. ಇಟಿಎಫ್‌ನ ಎರರ್ ಚಿಕ್ಕದಾಗಿರಲು ಇದೇ ಮುಖ್ಯ ಕಾರಣ.

ಮೂರನೆಯದು ಸೂಚ್ಯಂಕ ಬದಲಾಗುವ ದಿನಗಳು. ನಿಫ್ಟಿ 50 ವರ್ಷಕ್ಕೆರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಪರಿಷ್ಕರಣೆಯಾಗುತ್ತದೆ. ಹೊಸ ಷೇರು ಕೊಂಡು ಹಳೆಯದು ಮಾರುವ ಖರ್ಚು ಫಂಡ್‌ಗೆ ಇದೆ, ಸೂಚ್ಯಂಕಕ್ಕಿಲ್ಲ. ಇದು ಎರಡೂ ಬಗೆಯ ಫಂಡ್‌ಗೆ ಸಮಾನ. 2023ರಲ್ಲಿ ರಿಲಯನ್ಸ್‌ನಿಂದ ಜಿಯೋ ಫೈನಾನ್ಷಿಯಲ್ ಬೇರೆಯಾದಾಗ ನಿಫ್ಟಿಯಲ್ಲಿ ಕೆಲವು ವಾರ 51 ಕಂಪನಿಗಳಿದ್ದವು. ಆಗಸ್ಟ್‌ನಲ್ಲಿ ಅದು ಲಿಸ್ಟ್ ಆದ ಮೇಲೆ ಮೊದಲ ಕೆಲವು ದಿನ ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಇಳಿಯಬಹುದಾದ ಗರಿಷ್ಠ ಮಿತಿ ಹೊಡೆಯಿತು. ಮಾರಬೇಕಾದ ಫಂಡ್‌ಗಳಿಗೆ ಕೊಳ್ಳುವವರೇ ಸಿಗದ ಸ್ಥಿತಿ. ಅದನ್ನು ಸೂಚ್ಯಂಕದಿಂದ ತೆಗೆಯುವ ದಿನವನ್ನೇ ಮುಂದೂಡಬೇಕಾಯಿತು. ಇಂಥ ತಿಂಗಳಲ್ಲಿ ಎರರ್ ಒಮ್ಮೆಗೇ ಏರಿದ್ದು ಕಂಡರೆ ಗಾಬರಿ ಬೇಡ. ಅದೇ ಸೂಚ್ಯಂಕದ ಬೇರೆ ಫಂಡ್‌ಗಳನ್ನೂ ನೋಡಿ. ಎಲ್ಲದರಲ್ಲೂ ಏರಿದ್ದರೆ ಕಾರಣ ಸೂಚ್ಯಂಕದ್ದು. ನಿಮ್ಮದರಲ್ಲಿ ಮಾತ್ರ ಏರಿದ್ದರೆ ಪ್ರಶ್ನೆ ಕೇಳಬೇಕಾದ್ದು ಫಂಡ್ ಮ್ಯಾನೇಜರ್‌ಗೆ.

ಮೂರನೆಯ ಹೆಜ್ಜೆ: ಇಟಿಎಫ್‌ನ ಬೆಲೆ ಮತ್ತು iNAV

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇಂಡೆಕ್ಸ್ ಫಂಡ್‌ನಲ್ಲಿ ನಿಮಗೆ ಸಿಗುವುದು ಆ ದಿನದ ಎನ್‌ಎವಿ. ಮಧ್ಯಾಹ್ನ 3ರೊಳಗೆ ಅರ್ಜಿಯೂ ಹಣವೂ ಫಂಡ್‌ಗೆ ತಲುಪಿದರೆ ಸಾಕು. ನಿಮ್ಮ ಹಣದಿಂದ ಷೇರು ಕೊಳ್ಳುವ ಖರ್ಚು ಫಂಡ್‌ನೊಳಗೆ ಎಲ್ಲರ ಮೇಲೂ ಹಂಚಿಹೋಗುತ್ತದೆ, ಡಿಫರೆನ್ಸ್‌ನಲ್ಲಿ ಆಗಲೇ ಸೇರಿಕೊಂಡಿರುತ್ತದೆ. ಇಟಿಎಫ್‌ನಲ್ಲಿ ಹಾಗಲ್ಲ. ಕೊಳ್ಳುವ ಖರ್ಚು ಪೂರ್ತಿ ನಿಮ್ಮದೇ. ಟ್ರ್ಯಾಕಿಂಗ್ ಎರರ್ ಆಗಲಿ ಡಿಫರೆನ್ಸ್ ಆಗಲಿ ಲೆಕ್ಕ ಹಾಕುವುದು ಎನ್‌ಎವಿ ಮೇಲೆ, ನೀವು ಕೊಟ್ಟ ಬೆಲೆಯ ಮೇಲಲ್ಲ. ಎರಡು ಫಂಡ್‌ಗಳ ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟರೆ ಹೋಲಿಕೆ ವಾಲುವುದು ಇದಕ್ಕೇ.

ಕೊಳ್ಳುವ ಮುನ್ನ iNAV ನೋಡಿ. ಇಟಿಎಫ್ ಒಳಗಿರುವ ಷೇರುಗಳ ಈ ಕ್ಷಣದ ಬೆಲೆ ಕೂಡಿ ಬರುವ ಮೌಲ್ಯ ಅದು. ಷೇರು ಇಟಿಎಫ್‌ಗಳಲ್ಲಿ ಇದು ಹೆಚ್ಚೆಂದರೆ 15 ಸೆಕೆಂಡ್ ಹಳೆಯದಿರಬೇಕು ಅನ್ನುವ ನಿಯಮ ಇದೆ. ಬ್ರೋಕರ್ ಆ್ಯಪ್‌ನಲ್ಲಿ ಕಾಣದಿದ್ದರೆ ಎಕ್ಸ್‌ಚೇಂಜ್ ಅಥವಾ ಫಂಡ್ ಕಂಪನಿಯ ಜಾಲತಾಣದಲ್ಲಿ ಸಿಗುತ್ತದೆ. ಆಮೇಲೆ ಆ್ಯಪ್‌ನಲ್ಲಿ ಮಾರ್ಕೆಟ್ ಡೆಪ್ತ್ ತೆರೆದು, ಮಾರುವವರು ಕೇಳುತ್ತಿರುವ ಅತಿ ಕಡಿಮೆ ಬೆಲೆ ನೋಡಿ. ಲೆಕ್ಕ ಇಷ್ಟೇ:

```
ಅಂತರ % = (ಬೆಲೆ − iNAV) ÷ iNAV × 100
```

iNAV ₹250.00, ಮಾರುವವರ ಬೆಲೆ ₹250.50 ಇದ್ದರೆ ಅಂತರ ಶೇ 0.20. ನಿಫ್ಟಿ 50ರ ದೊಡ್ಡ ಇಟಿಎಫ್‌ನಲ್ಲಿ ಇಷ್ಟು ಅಂತರ ಜಾಸ್ತಿಯೇ. ಬೆಳಿಗ್ಗೆ 9.15ಕ್ಕೆ ಮಾರುಕಟ್ಟೆ ತೆರೆದ ಕೂಡಲೇ, ಇಲ್ಲವೇ ಮಾರುಕಟ್ಟೆ ಒಂದೇ ಸಮನೆ ಕುಸಿಯುವಾಗ ಹೀಗೆ ಆಗಬಹುದು. ಆಗ ಒಳಗಿನ ಷೇರುಗಳ ಬೆಲೆಯೇ ನೆಲೆ ನಿಂತಿರುವುದಿಲ್ಲ. ಮಾರ್ಕೆಟ್ ಮೇಕರ್‌ಗಳು ತಮ್ಮ ರಕ್ಷಣೆಗೆ ಕೊಳ್ಳುವ ಬೆಲೆ ಇಳಿಸಿ ಮಾರುವ ಬೆಲೆ ಏರಿಸುತ್ತಾರೆ. ಮೊದಲ ಅರ್ಧ ಗಂಟೆ ಬಿಟ್ಟು, ನಡುಹೊತ್ತಿನಲ್ಲಿ ಕೊಳ್ಳಿ. ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಹಾಕಲೇಬೇಡಿ. iNAVಗೆ ಹತ್ತಿರದ ಬೆಲೆಯಲ್ಲಿ, ಉದಾಹರಣೆಗೆ ₹250.05ಕ್ಕೆ, ಲಿಮಿಟ್ ಆರ್ಡರ್ ಹಾಕಿ ಕಾಯಿರಿ. ವಹಿವಾಟು ಚೆನ್ನಾಗಿರುವ ಇಟಿಎಫ್‌ನಲ್ಲಿ ಸಾಮಾನ್ಯವಾಗಿ ಆರ್ಡರ್ ಪೂರ್ತಿಯಾಗುತ್ತದೆ.

ಬೆಲೆ iNAV ಬಿಟ್ಟು ದೂರ ಹೋಗದಂತೆ ತಡೆಯುವುದು ಆ ಮಾರ್ಕೆಟ್ ಮೇಕರ್‌ಗಳೇ. ಬೆಲೆ ಏರಿದರೆ ಷೇರು ಬುಟ್ಟಿ ಕೊಟ್ಟು ಹೊಸ ಯೂನಿಟ್ ಪಡೆದು ಮಾರುತ್ತಾರೆ, ಬೆಲೆ ಇಳಿಯುತ್ತದೆ. ಈ ದಾರಿ ಮುಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ವಿದೇಶಿ ಸೂಚ್ಯಂಕದ ಇಟಿಎಫ್‌ಗಳನ್ನು ನೋಡಬೇಕು. ಭಾರತದ ಮ್ಯೂಚುವಲ್ ಫಂಡ್‌ಗಳು ವಿದೇಶದಲ್ಲಿ ಹೂಡಲು ಒಟ್ಟು 7 ಬಿಲಿಯನ್ ಡಾಲರ್ ಮಿತಿ ಇದೆ. 2022ರ ಆರಂಭದಲ್ಲಿ ಅದು ಮುಗಿಯುತ್ತ ಬಂತು, ಹೊಸ ಯೂನಿಟ್ ಹುಟ್ಟಿಸುವುದು ನಿಂತಿತು. ಕೊಳ್ಳುವವರು ನಿಲ್ಲಲಿಲ್ಲ. ನ್ಯಾಸ್‌ಡಾಕ್ 100ರಂಥ ಇಟಿಎಫ್‌ಗಳು ಒಳಗಿನ ಮೌಲ್ಯಕ್ಕಿಂತ ಬಹಳ ಮೇಲಿನ ಬೆಲೆಗೆ ಮಾರಾಟವಾಗಿದ್ದು ಹೀಗೆ.

₹200 ಮೌಲ್ಯದ ಯೂನಿಟ್‌ಗೆ ಒಬ್ಬರು ₹230 ಕೊಟ್ಟರು ಅಂತಿಟ್ಟುಕೊಳ್ಳಿ. ಸೂಚ್ಯಂಕ ಶೇ 10 ಏರಿತು, ಮೌಲ್ಯ ₹220 ಆಯಿತು. ಅಷ್ಟರಲ್ಲಿ ಹೆಚ್ಚುವರಿ ಬೆಲೆ ಕರಗಿ ಯೂನಿಟ್ ₹220ಕ್ಕೇ ಮಾರಾಟವಾಗುತ್ತಿದೆ. ಸೂಚ್ಯಂಕ ಶೇ 10 ಗೆದ್ದರೂ ಇವರಿಗೆ ಪ್ರತಿ ಯೂನಿಟ್‌ಗೆ ₹10 ನಷ್ಟ. ಇಷ್ಟಾದರೂ ಆ ಇಟಿಎಫ್‌ನ ಟ್ರ್ಯಾಕಿಂಗ್ ಎರರ್ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಎನ್‌ಎವಿ ಸೂಚ್ಯಂಕವನ್ನು ಸರಿಯಾಗಿಯೇ ಹಿಂಬಾಲಿಸಿದೆ.

ನಾಲ್ಕನೆಯ ಹೆಜ್ಜೆ: ನಿಮ್ಮ ಮೊತ್ತ ಇಟ್ಟು ಲೆಕ್ಕ ಹಾಕಿ

ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಫಂಡ್ ಮತ್ತು ಬ್ರೋಕರ್‌ನ ಅಂಕಿ ಹಾಕಿ ಮತ್ತೆ ಮಾಡಿ.

ಇಟಿಎಫ್‌ನ ಡಿಫರೆನ್ಸ್ ವರ್ಷಕ್ಕೆ ಶೇ 0.08, ಇಂಡೆಕ್ಸ್ ಫಂಡ್ ಡೈರೆಕ್ಟ್ ಪ್ಲಾನ್‌ನದು ಶೇ 0.23 ಅಂತಿರಲಿ. ಇಟಿಎಫ್‌ನಿಂದ ವರ್ಷಕ್ಕೆ ಶೇ 0.15 ಉಳಿತಾಯ, ಲಕ್ಷಕ್ಕೆ ₹150.

ಒಂದು ಲಕ್ಷ ಒಮ್ಮೆಗೇ ಹಾಕುವವರ ಲೆಕ್ಕ ಮೊದಲು. iNAV ₹250 ಇರುವಾಗ ₹250.50 ಕೊಟ್ಟು 399 ಯೂನಿಟ್ ಕೊಂಡರು. ಅಂತರದಲ್ಲಿ ಹೋದದ್ದು ಸುಮಾರು ₹200. ಮುಂದೆ ಮಾರುವಾಗ ಶೇ 0.10 ಕಡಿಮೆ ಬೆಲೆ ಸಿಕ್ಕರೆ ಇಂದಿನ ಲೆಕ್ಕದಲ್ಲಿ ₹100. ಎರಡು ಸಲದ ಬ್ರೋಕರೇಜ್ ₹40, ಮಾರುವಾಗ ಡಿಮ್ಯಾಟ್ ಖಾತೆಯಿಂದ ಯೂನಿಟ್ ತೆಗೆಯಲು ಕಟ್ಟುವ ಡಿಪಿ ಶುಲ್ಕ ₹15 ಅಂತ ಹಿಡಿಯಿರಿ. ಒಟ್ಟು ₹355. ವರ್ಷಕ್ಕೆ ₹150ರಂತೆ ಇದು ತೀರಲು ಎರಡು ವರ್ಷ ನಾಲ್ಕೈದು ತಿಂಗಳು ಬೇಕು. ಅದಕ್ಕಿಂತ ಮುಂಚೆ ಮಾರಿದರೆ ಇಂಡೆಕ್ಸ್ ಫಂಡೇ ಅಗ್ಗ.

ಅವರೇ ಲಿಮಿಟ್ ಆರ್ಡರ್ ಹಾಕಿ ₹250.05ಕ್ಕೆ ಕೊಂಡು, ಮಾರುವಾಗಲೂ ಅಷ್ಟೇ ಜಾಗರೂಕರಾಗಿದ್ದರೆ ಅಂತರದ ಖರ್ಚು ಎರಡೂ ಕಡೆ ಸೇರಿ ₹40. ಉಳಿದ ಶುಲ್ಕ ಕೂಡಿದರೆ ₹95. ಎಂಟು ತಿಂಗಳೊಳಗೆ ತೀರುತ್ತದೆ. ಫಂಡ್ ಅದೇ, ಟ್ರ್ಯಾಕಿಂಗ್ ಎರರ್ ಅದೇ, ಬದಲಾದದ್ದು ಆರ್ಡರ್ ಹಾಕಿದ ರೀತಿ.

ಈಗ ತಿಂಗಳಿಗೆ ₹5,000 ಹಾಕುವವರ ಲೆಕ್ಕ. ₹250.50ರಂತೆ 19 ಯೂನಿಟ್ ಬರುತ್ತದೆ, ಖರ್ಚು ₹4,759.50. ಅರ್ಧ ಯೂನಿಟ್ ಕೊಳ್ಳುವ ಹಾಗಿಲ್ಲ, ಹಾಗಾಗಿ ₹240.50 ಖಾತೆಯಲ್ಲೇ ಉಳಿಯುತ್ತದೆ. ಅಂತರದಲ್ಲಿ ₹9.50, ಬ್ರೋಕರೇಜ್ ₹20, ಒಟ್ಟು ₹29.50. ಆ ಕಂತಿನ ಮೇಲೆ ವರ್ಷದ ಉಳಿತಾಯ ₹7 ಚಿಲ್ಲರೆ. ಕೊಳ್ಳುವ ಖರ್ಚು ತೀರಲೇ ನಾಲ್ಕು ವರ್ಷ ಬೇಕು! ಡೆಲಿವರಿಗೆ ಬ್ರೋಕರೇಜ್ ಇಲ್ಲದ ಬ್ರೋಕರ್ ಆದರೆ ಒಂದೂಕಾಲು ವರ್ಷ ಚಿಲ್ಲರೆಗೆ ಇಳಿಯುತ್ತದೆ. ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕ ಇದ್ದರೆ ಅದನ್ನೂ ಸೇರಿಸಿ. ಬೇರೆ ಷೇರು ಇಟ್ಟುಕೊಂಡಿಲ್ಲದವರಿಗೆ ಆ ಶುಲ್ಕ ಪೂರ್ತಿ ಈ ಇಟಿಎಫ್ ಮೇಲೆಯೇ ಬೀಳುತ್ತದೆ, ಚಿಕ್ಕ ಮೊತ್ತದಲ್ಲಿ ಇಡೀ ಉಳಿತಾಯವನ್ನು ಅದೊಂದೇ ನುಂಗಬಹುದು.

ನನ್ನ ಅಭಿಪ್ರಾಯ ಸ್ಪಷ್ಟ. ತಿಂಗಳಿಗೆ ಕೆಲವು ಸಾವಿರ ಎಸ್‌ಐಪಿ ಮಾಡುವವರಿಗೆ, ದಿನದ ನಡುಹೊತ್ತಿನಲ್ಲಿ ಕೂತು ಬೆಲೆ ನೋಡಲು ಆಗದವರಿಗೆ, ಕಡಿಮೆ ಡಿಫರೆನ್ಸ್ ಇರುವ ಇಂಡೆಕ್ಸ್ ಫಂಡ್‌ನ ಡೈರೆಕ್ಟ್ ಪ್ಲಾನ್ ಸರಿ. ದೊಡ್ಡ ಮೊತ್ತ ಒಮ್ಮೆಗೇ ಹಾಕಿ ಹತ್ತಾರು ವರ್ಷ ಬಿಡುವವರಿಗೆ, ಡಿಮ್ಯಾಟ್ ಆಗಲೇ ಇದ್ದು ಲಿಮಿಟ್ ಆರ್ಡರ್ ಅಭ್ಯಾಸ ಇರುವವರಿಗೆ ಇಟಿಎಫ್ ಲಾಭ. ಆದರೆ ಇದು ನಿಫ್ಟಿ 50ರ ಮಾತು. ಸ್ಮಾಲ್‌ಕ್ಯಾಪ್ ಅಥವಾ ಒಂದೇ ವಲಯದ ಇಟಿಎಫ್‌ಗಳಲ್ಲಿ ವಹಿವಾಟು ತೆಳುವಾಗಿರಬಹುದು. ಅಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಶೇ 0.5 ಕಂಡರೆ, ಆ ಇಟಿಎಫ್ ಎಷ್ಟೇ ಕಡಿಮೆ ವೆಚ್ಚದ್ದಾದರೂ ಇಂಡೆಕ್ಸ್ ಫಂಡ್ ಕಡೆಗೇ ಹೋಗಿ.

ತೆರಿಗೆ ವಿಷಯದಲ್ಲಿ ಭಾರತದ ಷೇರುಗಳ ಸೂಚ್ಯಂಕವಾದರೆ ಎರಡಕ್ಕೂ ನಿಯಮ ಒಂದೇ. ಆದರೆ ಹಳೆಯ ಇಂಡೆಕ್ಸ್ ಫಂಡ್ ಮಾರಿ ಇಟಿಎಫ್‌ಗೆ ಹೋಗುವ ಯೋಚನೆ ಇದ್ದರೆ, ಮಾರಿದಾಗ ಬರುವ ಲಾಭದ ಮೇಲಿನ ತೆರಿಗೆಯನ್ನು ಲೆಕ್ಕಕ್ಕೆ ತನ್ನಿ. ವರ್ಷಕ್ಕೆ ಶೇ 0.15 ಉಳಿಸಲು ಹೋಗಿ ಒಮ್ಮೆಗೇ ದೊಡ್ಡ ತೆರಿಗೆ ಕಟ್ಟುವುದರಲ್ಲಿ ಅರ್ಥ ಇಲ್ಲ, ಅಲ್ವಾ? ಹಳೆಯದನ್ನು ಹಾಗೇ ಬಿಟ್ಟು ಹೊಸ ಹಣವನ್ನು ಮಾತ್ರ ಇಟಿಎಫ್‌ಗೆ ಹಾಕಬಹುದು.

ಕೊಂಡ ಮೇಲೆ

ವರ್ಷಕ್ಕೊಮ್ಮೆ ಡಿಫರೆನ್ಸ್ ನೋಡಿ, ಅದರಿಂದ ವರ್ಷದ ವೆಚ್ಚ ಕಳೆಯಿರಿ. ವೆಚ್ಚ ಶೇ 0.20, ಡಿಫರೆನ್ಸ್ ಶೇ 0.25 ಇದ್ದರೆ ಉಳಿದ ಶೇ 0.05 ಷೇರು ಕೊಂಡು ಮಾರುವ ಖರ್ಚು ಮತ್ತು ನಗದಿನದು, ಸರಿಯಾಗಿದೆ. ಉಳಿಕೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಹೋದರೆ ಫಂಡ್ ನಿರ್ವಹಣೆ ಸಡಿಲವಾಗಿದೆ ಅಂತ ಅರ್ಥ. ವೆಚ್ಚದ ಅನುಪಾತವನ್ನೂ ಫಂಡ್ ಕಂಪನಿ ಯಾವಾಗ ಬೇಕಾದರೂ ನಿಯಮದ ಮಿತಿಯೊಳಗೆ ಏರಿಸಬಹುದು, ಆ ಇಮೇಲ್ ಬಂದರೆ ಓದದೆ ಬಿಡಬೇಡಿ.

ಇಟಿಎಫ್ ಮಾರಲು ಹೋದಾಗ ಸರಿಯಾದ ಬೆಲೆಗೆ ಕೊಳ್ಳುವವರೇ ಇಲ್ಲದಿದ್ದರೆ? ಫಂಡ್ ಕಂಪನಿಯ ಬಳಿ ನೇರವಾಗಿ ವ್ಯವಹರಿಸಲು ಸಾಮಾನ್ಯವಾಗಿ ₹25 ಕೋಟಿಗಿಂತ ಹೆಚ್ಚಿನ ಮೊತ್ತ ಬೇಕು. ಆದರೆ ಚಿಕ್ಕ ಹೂಡಿಕೆದಾರರಿಗೂ ಒಂದು ಬಾಗಿಲು ಇದೆ. ದಿನದ ಕೊನೆಯ ಬೆಲೆ ಎನ್‌ಎವಿಗಿಂತ ಶೇ 1ಕ್ಕೂ ಹೆಚ್ಚು ಕಡಿಮೆಯಾಗಿ ಸತತ 7 ವಹಿವಾಟಿನ ದಿನ ಉಳಿದರೆ, ಅಥವಾ ಸತತ 3 ವಹಿವಾಟಿನ ದಿನ ಬೆಲೆ ಕೇಳುವವರೇ ಇಲ್ಲದಿದ್ದರೆ, ಯೂನಿಟ್‌ಗಳನ್ನು ನೇರವಾಗಿ ಫಂಡ್ ಕಂಪನಿಗೇ ವಾಪಸ್ ಕೊಡಬಹುದು, ಹೊರಬರುವಾಗ ಹಿಡಿಯುವ ಶುಲ್ಕವಾದ ಎಕ್ಸಿಟ್ ಲೋಡ್ ಇಲ್ಲದೆ. ಆ ದಿನಗಳ ಬೆಲೆ ಮತ್ತು ಎನ್‌ಎವಿ ಎರಡನ್ನೂ ಬರೆದಿಟ್ಟುಕೊಂಡು ಕಂಪನಿಗೆ ಬರೆಯಿರಿ.